ಗ್ಯಾಸ್ ಮೀಟರ್ ತೋರಿಸಿದ ಅಂಕಿ ಎಲ್ಲಿಗೆ ಹೋಗುತ್ತದೆ? ಶೋಭಾ ಕರಂದ್ಲಾಜೆ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶೋಭಾ ಕರಂದ್ಲಾಜೆ ಅವರಿಗೆ,

ನಮಸ್ಕಾರ. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿ ಇಲ್ಲ. ಆದರೂ ಈ ಪತ್ರ ನಿಮಗೇ ಬರೆಯಬೇಕು ಅನ್ನಿಸಿತು. ದೇಶದ ಗಣಿಗಳ ಸುರಕ್ಷತೆ ನೋಡುವ ಧನಬಾದ್‌ನ ಮಹಾನಿರ್ದೇಶನಾಲಯ ಕಲ್ಲಿದ್ದಲು ಇಲಾಖೆಯ ಕೆಳಗಿಲ್ಲ, ನೀವು ರಾಜ್ಯ ಸಚಿವೆಯಾಗಿರುವ ಕಾರ್ಮಿಕ ಇಲಾಖೆಯ ಕೆಳಗಿದೆ. ನಾನು ಬಹಳ ವರ್ಷ ಜಾರ್ಖಂಡ್‌ನ ಝರಿಯಾ ಕಡೆಯ ಕಲ್ಲಿದ್ದಲ ಗಣಿಗಳಲ್ಲಿ ಗಾಳಿ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ಮಾಡಿದವನು. 2006ರ ಸೆಪ್ಟೆಂಬರ್ 6ರಂದು ಅದೇ ಸೀಮೆಯ ಭಾಟ್‌ಡೀಹ್ ಗಣಿ ಸ್ಫೋಟದಲ್ಲಿ 50 ಮಂದಿ ಸತ್ತರು. ಆ ದಿನ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಕಲ್ಲಿದ್ದಲಿನ ಒಳಗೇ ಮೀಥೇನ್ ಇರುತ್ತದೆ. ಕಲ್ಲಿದ್ದಲು ಒಡೆದಂತೆ ಅದು ಹೊರಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದು ಸುಮಾರು 5ರಿಂದ 15 ಪರ್ಸೆಂಟ್ ಇದ್ದಾಗ ಒಂದು ಕಿಡಿ ಸಾಕು. ಹಾಗೆ ಎದ್ದ ಸ್ಫೋಟದ ಅಲೆ ನೆಲದ ಕಲ್ಲಿದ್ದಲ ಪುಡಿಯನ್ನು ಎಬ್ಬಿಸಿದರೆ ಆ ಪುಡಿಯೂ ಹೊತ್ತಿಕೊಂಡು ಬೆಂಕಿ ದೂರದೂರಕ್ಕೆ ಓಡುತ್ತದೆ.

ಇದಕ್ಕಿರುವ ಮುಖ್ಯ ಮದ್ದು ಗಾಳಿ. ಕಲ್ಲಿದ್ದಲು ಕಡಿಯುವ ಒಂದು ಕಡೆ ನಿಮಿಷಕ್ಕೆ 3 ಘನ ಮೀಟರ್ ಮೀಥೇನ್ ಬರುತ್ತಿದೆ ಅಂದುಕೊಳ್ಳಿ. ಅಲ್ಲಿ ನಿಮಿಷಕ್ಕೆ 600 ಘನ ಮೀಟರ್ ಗಾಳಿ ಹರಿದರೆ ಗ್ಯಾಸ್ ಅರ್ಧ ಪರ್ಸೆಂಟ್‌ನಲ್ಲೇ ಇರುತ್ತದೆ. ಯಾರೋ ಗಾಳಿ ಬಾಗಿಲು ತೆರೆದೇ ಬಿಟ್ಟರು, ಅಡ್ಡಗೋಡೆ ಸೋರಿತು, ಗಾಳಿ 200ಕ್ಕೆ ಇಳಿಯಿತು. ಈಗ ಅದೇ ಗ್ಯಾಸ್ ಒಂದೂವರೆ ಪರ್ಸೆಂಟ್. ಗಾಳಿ 60ಕ್ಕೆ ಇಳಿದರೆ 5 ಪರ್ಸೆಂಟ್. ಕಲ್ಲಿದ್ದಲಿನಿಂದ ಒಂದಿಷ್ಟೂ ಜಾಸ್ತಿ ಗ್ಯಾಸ್ ಬಂದಿಲ್ಲ, ಗಾಳಿ ಮಾತ್ರ ಕಡಿಮೆಯಾಗಿದೆ. ಅದಕ್ಕೇ ನಮ್ಮ ನಿಯಮ, ಕೆಲಸದ ಜಾಗ ದಾಟಿ ಹೊರಕ್ಕೆ ವಾಪಸ್ ಹೋಗುವ ಗಾಳಿಯಲ್ಲಿ ಮೀಥೇನ್ 0.75 ಪರ್ಸೆಂಟ್‌ಗಿಂತ ಜಾಸ್ತಿ ಇರಬಾರದು ಅನ್ನುತ್ತದೆ. ಎಲ್ಲೇ ಆಗಲಿ 1.25 ಮುಟ್ಟಿದರೆ ಕರೆಂಟ್ ತೆಗೆದು ಜನರನ್ನು ಹೊರಗೆ ಕರೆತರಬೇಕು. ಆ 1.25ಕ್ಕೂ 5ಕ್ಕೂ ನಡುವೆ ಇರುವ ಅಂತರವೇ ಕೆಲಸಗಾರನಿಗೆ ಓಡಲು ಸಿಗುವ ಸಮಯ.

ಗ್ಯಾಸ್ ಮೀಟರ್ ಬೇಕಾಗುವುದು ಇಲ್ಲಿಯೇ. ಆದರೆ ಅದನ್ನು ಎಲ್ಲಿ ಹಿಡಿಯುತ್ತೀರಿ ಅನ್ನುವುದೂ ಮುಖ್ಯ. ಮೀಥೇನ್ ಗಾಳಿಗಿಂತ ಹಗುರ. ಗಾಳಿಯ ಓಟ ಕಮ್ಮಿ ಇದ್ದರೆ ಅದು ಛಾವಣಿಗೆ ಅಂಟಿ ಪದರದಂತೆ ನಿಲ್ಲುತ್ತದೆ. ಸೊಂಟದ ಮಟ್ಟದಲ್ಲಿ ಮೀಟರ್ ಸೊನ್ನೆ ತೋರಿಸುತ್ತಿದ್ದಾಗ ಛಾವಣಿಯ ಗುಂಡಿಯಲ್ಲಿ ಸ್ಫೋಟಕ್ಕೆ ಸಾಕಾಗುವಷ್ಟು ಗ್ಯಾಸ್ ಇರಬಹುದು. ಇನ್ನೊಂದು ಮಾತು. ಗಣಿಗಳಲ್ಲಿ ಬಹಳ ಬಳಕೆಯಲ್ಲಿರುವ ಮೀಟರ್‌ನ ಒಳಗೆ ಬಿಸಿಯಾದ ಒಂದು ಚಿಕ್ಕ ಮಣಿ ಇರುತ್ತದೆ. ಮೀಥೇನ್ ಅದರ ಮೇಲೆ ಸುಟ್ಟಾಗ ಶಾಖ ಏರುತ್ತದೆ, ಅದನ್ನೇ ಮೀಟರ್ ಅಂಕಿಯಾಗಿ ತೋರಿಸುತ್ತದೆ. ಸಿಲಿಕೋನ್ ಇರುವ ಸ್ಪ್ರೇ ಅಥವಾ ಗ್ರೀಸ್‌ನ ಆವಿ ತಗುಲಿದರೆ ಈ ಮಣಿ ಮಂದವಾಗುತ್ತದೆ. ಆಮೇಲೆ ಮೀಟರ್ ಆನ್ ಆಗಿಯೇ ಇರುತ್ತದೆ, ಆದರೆ ಕಡಿಮೆ ಅಂಕಿ ತೋರಿಸುತ್ತದೆ. ಗೊತ್ತಿರುವ ಪ್ರಮಾಣದ ಗ್ಯಾಸ್ ಹಿಡಿದು ಪರೀಕ್ಷೆ ಮಾಡದ ಹೊರತು ಇದು ಯಾರಿಗೂ ಗೊತ್ತಾಗುವುದಿಲ್ಲ.

ನ್ಯೂಜಿಲೆಂಡ್‌ನ ಪೈಕ್ ರಿವರ್ ಗಣಿಯ ತನಿಖಾ ವರದಿಯನ್ನು ನೀವು ಒಮ್ಮೆ ತರಿಸಿ ಓದಬೇಕು ಅಂತ ನನ್ನ ವಿನಂತಿ. 2010ರ ನವೆಂಬರ್ 19ರಂದು ಅಲ್ಲಿ 29 ಮಂದಿ ಸತ್ತರು. ಅವರಿಗೆ ಗ್ಯಾಸ್ ಇರುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸ್ಫೋಟಕ್ಕೆ ಮೊದಲಿನ 48 ದಿನಗಳಲ್ಲಿ ಮೀಥೇನ್ ಸ್ಫೋಟದ ಮಟ್ಟ ಮುಟ್ಟಿದ್ದರ ಬಗ್ಗೆ 21 ವರದಿಗಳಿದ್ದವು. ಅದಕ್ಕಿಂತ ಕಡಿಮೆಯಾದರೂ ಅಪಾಯದ ಮಟ್ಟದ್ದು ಇನ್ನೂ 27. ಕೆಳಗಿನ ಮೇಲ್ವಿಚಾರಕರು ಬರೆದಿದ್ದರು. ಕಾಗದ ಫೈಲಿಗೆ ಹೋಯಿತು, ಕೆಲಸ ನಿಲ್ಲಲಿಲ್ಲ. ವಾಪಸ್ ಹೋಗುವ ಗಾಳಿಯ ದಾರಿಯಲ್ಲಿ ನಂಬುವಂಥ ಸೆನ್ಸರ್‌ಗಳು ಸಾಕಷ್ಟು ಇರಲಿಲ್ಲ. ಮುಖ್ಯ ಫ್ಯಾನನ್ನು ಗಣಿಯ ಒಳಗೇ ಕೂರಿಸಿದ್ದರು. ಸ್ಫೋಟವಾದಾಗ ಅದೂ ಹಾಳಾಯಿತು.

ನಮ್ಮಲ್ಲಿ ಇದೇ ಥರದ ಕಾಗದವನ್ನು ನಾನೂ ಬರೆದಿದ್ದೇನೆ. ಒಂದು ಗಣಿಯಲ್ಲಿ ವಾಪಸ್ ಗಾಳಿಯಲ್ಲಿ 0.9 ಬಂತು. ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿದೆ. "ಸುಮ್ನೆ ಯಾಕೆ ಹೆದರಿಸ್ತೀರಿ, ಈ ಶಿಫ್ಟ್ ಮುಗೀಲಿ" ಅಂದರು ಮೇಲಿನವರು. ಅವತ್ತು ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವ ಕಾರಣಕ್ಕೇ ಮಾರನೇ ದಿನ ಆ ಅಂಕಿಗೆ ಬೆಲೆ ಇನ್ನೂ ಕಡಿಮೆಯಾಯಿತು.

ಆದ್ದರಿಂದ ನಾನು ಕೇಳುವುದು ಹೊಸ ಕಾನೂನನ್ನಲ್ಲ. ಪರಿಶೀಲನೆಗೆ ಹೋಗುವ ಅಧಿಕಾರಿಗಳು ಮೀಟರ್ ಎಷ್ಟಿದೆ ಅಂತ ಎಣಿಸಿ ಬರುವುದು ಸಾಲದು. ಕಳೆದ ತಿಂಗಳು 0.75 ದಾಟಿದ್ದು ಯಾವ ಯಾವ ದಿನ, ಅವತ್ತು ಎಷ್ಟು ಹೊತ್ತು ಕೆಲಸ ನಿಂತಿತ್ತು, ಗಾಳಿ ಎಷ್ಟು ಹೆಚ್ಚಿಸಿದರು, ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡಲಿ. ಮೀಟರ್‌ಗೆ ಪರೀಕ್ಷಾ ಗ್ಯಾಸ್ ಹಿಡಿದ ದಾಖಲೆಯನ್ನೂ ನೋಡಲಿ. ಕೆಲಸ ನಿಲ್ಲಿಸಿದ ಓವರ್‌ಮ್ಯಾನ್‌ಗೆ, ಅಂದರೆ ಗಣಿಯೊಳಗಿನ ಮೇಲ್ವಿಚಾರಕನಿಗೆ, ಆಮೇಲೆ ಏನಾಯಿತು ಅಂತಲೂ ವಿಚಾರಿಸಲಿ. ಆ ಮಾಹಿತಿಯನ್ನು ಗಣಿಯ ಗೇಟಿನ ಹತ್ತಿರ, ಶಿಫ್ಟಿಗೆ ಇಳಿಯುವವರಿಗೆ ಕಾಣುವ ಹಾಗೆ ಹಿಂದಿಯಲ್ಲೂ ಅಲ್ಲಿನ ಭಾಷೆಯಲ್ಲೂ ಬರೆದು ಹಾಕಿಸಿ.

ನೀವು ಧನಬಾದ್‌ಗೆ ಹೋಗುವುದಾದರೆ ಒಂದು ಗಣಿಯ ಗ್ಯಾಸ್ ರಿಜಿಸ್ಟರ್ ತರಿಸಿ, ಯಾವುದಾದರೂ ಒಂದು ಪುಟ ತೆಗೆದು ಈ ಪ್ರಶ್ನೆಗಳನ್ನು ನೀವೇ ಕೇಳಿ.

ಇತಿ,
ಗಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದ ಒಬ್ಬ ಕನ್ನಡಿಗ