ಜ್ವರದ ಜೊತೆ ವಾಂತಿ: ಯಾವಾಗ ತಡ ಮಾಡಬಾರದು

ಎಲ್ಲರಿಗೂ ನಮಸ್ಕಾರ. ಜ್ವರ ಬಂದ ಮಗು ಒಂದೆರಡು ಸಲ ವಾಂತಿ ಮಾಡಿದರೆ 10 ನಿಮಿಷ ಬಿಟ್ಟು, ಓಆರ್‌ಎಸ್ ನೀರನ್ನು 2 ನಿಮಿಷಕ್ಕೊಂದು ಚಮಚದಂತೆ ಕುಡಿಸಿ. ಲೋಟಗಟ್ಟಲೆ ಕೊಟ್ಟರೆ ಮತ್ತೆ ಕಕ್ಕುತ್ತದೆ. ಚಮಚದ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.

ನಾನು ಥರ್ಮಾಮೀಟರಿಗಿಂತ ಹೆಚ್ಚು ಗಮನಿಸುವುದು ಮೂತ್ರವನ್ನು. 8 ಗಂಟೆಗಳ ಕಾಲ ಉಚ್ಚೆ ಹೊಯ್ದಿಲ್ಲ, ಬಾಯಿ ಒಣಗಿದೆ, ಅತ್ತರೂ ಕಣ್ಣೀರಿಲ್ಲ ಎಂದರೆ ಮೈಯಲ್ಲಿ ನೀರು ತೀರಾ ಕಡಿಮೆಯಾಗಿದೆ. ಜ್ವರ ಇಳಿದ ಮೇಲೂ ಮಗು ಮಂಕಾಗಿದ್ದು, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿದ್ದರೆ ನಡುರಾತ್ರಿಯಾದರೂ ಬೆಳಗಾಗಲಿ ಅನ್ನಬೇಡಿ. ಫಿಟ್ಸ್, ಕುತ್ತಿಗೆ ಬಿಗಿತ, ಹಸಿರು ಅಥವಾ ರಕ್ತದ ವಾಂತಿ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡರೂ ಅಷ್ಟೇ.

3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೇ ಸಾಕು, ವಾಂತಿ ಶುರುವಾಗಲಿ ಎಂದು ಕಾಯಬೇಡಿ.