ಬಿಲ್ಲಿಂಗ್ ಮೆಷಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ಮಂಡ್ಯ

ಪ್ರೀತಿಯ ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಕೆಫೆಗೆ ಮೈಸೂರಿನ ಕುವೆಂಪುನಗರದ ಮಳಿಗೆ ಕೈಗೆ ಸಿಕ್ಕಿತು ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಸಂತೋಷವಾಯಿತು. ಬಿಲ್ಲಿಂಗ್ ಮೆಷಿನ್‌ಗೆ ಮೂರು ಕಡೆಯಿಂದ ಬಂದ ಕೊಟೇಶನ್ ನೀನು ಕಳಿಸಿದ್ದೆಯಲ್ಲ, ಮೂರನ್ನೂ ಕೂತು ಓದಿದೆ. ಸ್ಕ್ರೀನ್ ಎಷ್ಟು ಇಂಚು, ಗಿರಾಕಿಗೆ ಪಾಯಿಂಟ್ ಹೇಗೆ ಕೊಡಬಹುದು, ಹುಟ್ಟುಹಬ್ಬಕ್ಕೆ ಮೆಸೇಜ್ ಹೇಗೆ ಹೋಗುತ್ತದೆ, ಎಲ್ಲ ಬರೆದಿದ್ದಾರೆ. ರಾತ್ರಿ ಷಟರ್ ಎಳೆಯುವಾಗ ನಿನ್ನ ಕೈಗೆ ಯಾವ ರಿಪೋರ್ಟ್ ಬರುತ್ತದೆ ಅನ್ನೋದು ಮಾತ್ರ ಒಂದರಲ್ಲೂ ಇಲ್ಲ. ಇಷ್ಟು ವರ್ಷ ಹೋಟೆಲ್‌ಗಳ ಲೆಕ್ಕ ಬರೆದುಕೊಂಡು ಬಂದವನು ನಾನು. ಮೊದಲು ರಿಪೋರ್ಟ್ ನೋಡು, ಆಮೇಲೆ ಮೆಷಿನ್ ಆರಿಸು ಅಂತ ನಿನಗೆ ಹೇಳಬೇಕು ಅನ್ನಿಸಿತು.

ಸಾಫ್ಟ್‌ವೇರ್ ಒಳಗೆ ಐವತ್ತು ಥರದ ರಿಪೋರ್ಟ್ ಇರುತ್ತವೆ. ಸಣ್ಣ ಕೆಫೆಗೆ ದಿನಾ ನೋಡಬೇಕಾದ್ದು ಮೂರೇ.

ಮೊದಲನೆಯದು ದಿನದ ಕ್ಲೋಸಿಂಗ್. ಒಟ್ಟು ಮಾರಾಟ ಎಷ್ಟು, ಅದರಲ್ಲಿ ಕ್ಯಾಶ್ ಎಷ್ಟು, ಯುಪಿಐ ಎಷ್ಟು, ಕಾರ್ಡ್ ಎಷ್ಟು ಅಂತ ಬಿಡಿಸಿ ತೋರಿಸುವ ಹಾಳೆ. ಒಂದು ದಿನದ ಲೆಕ್ಕ ಹಾಕಿ ತೋರಿಸುತ್ತೇನೆ, ನೋಡು. ಒಟ್ಟು ಮಾರಾಟ 18,460 ರೂಪಾಯಿ ಅಂತಿಟ್ಟುಕೋ. ಅದರಲ್ಲಿ ಯುಪಿಐ 11,240, ಕ್ಯಾಶ್ 6,380, ಕಾರ್ಡ್ 840. ಬೆಳಿಗ್ಗೆ ಚಿಲ್ಲರೆಗೆ ಅಂತ ಗಲ್ಲಾದಲ್ಲಿ 2,000 ಇಟ್ಟಿದ್ದೆ. ಮಧ್ಯೆ ಹಾಲು ಸಾಲದೆ ಬಂತು ಅಂತ 320, ಕೊತ್ತಂಬರಿ ನಿಂಬೆಹಣ್ಣಿಗೆ 150 ಗಲ್ಲಾದಿಂದಲೇ ತೆಗೆದೆ. ಹಾಗಾದರೆ ರಾತ್ರಿ ಗಲ್ಲಾದಲ್ಲಿ 7,910 ಇರಬೇಕು. ಎಣಿಸಿದರೆ 7,730 ಇದೆ. 180 ರೂಪಾಯಿ ಕಮ್ಮಿ.

ಇಲ್ಲಿ ತುಂಬಾ ಜನ ಕೌಂಟರ್ ಹುಡುಗನ ಮೇಲೆ ಕೂಗಾಡಿಬಿಡುತ್ತಾರೆ. ನೀನು ಹಾಗೆ ಮಾಡಬೇಡ. ಮೊದಲು ಫೋನ್‌ನಲ್ಲಿ ಯುಪಿಐ ಆ್ಯಪ್ ತೆಗೆದು ಆ ದಿನ ನಿಜವಾಗಿ ಬಂದದ್ದು ಎಷ್ಟು ನೋಡು. ಅಲ್ಲಿ 11,420 ಇದ್ದರೆ, ಅಂದರೆ 180 ಜಾಸ್ತಿ ಇದ್ದರೆ, ದುಡ್ಡು ಎಲ್ಲೂ ಹೋಗಿಲ್ಲ. ಗಿರಾಕಿ ಸ್ಕ್ಯಾನ್ ಮಾಡಿದ್ದಾರೆ, ಹುಡುಗ ಗಡಿಬಿಡಿಯಲ್ಲಿ ಕ್ಯಾಶ್ ಅಂತ ಒತ್ತಿದ್ದಾನೆ. ಎರಡು ಕಡೆಯ ವ್ಯತ್ಯಾಸವೂ ಒಂದೇ ಮೊತ್ತ ಇದ್ದರೆ ಹೆಚ್ಚಿನ ಸಲ ಇದೇ ಕಾರಣ. ಬಿಲ್ ಪಟ್ಟಿಯಲ್ಲಿ 180ರ ಬಿಲ್ ಹುಡುಕಿದರೆ ಸಿಕ್ಕಿಬಿಡುತ್ತದೆ. ಯುಪಿಐ ಸರಿಯಾಗಿಯೇ ಇದ್ದು ಗಲ್ಲಾ ಮಾತ್ರ ಕಮ್ಮಿ ಬಂದರೆ ಆಗ ಚಿಲ್ಲರೆ ತಪ್ಪಾಗಿರಬೇಕು, ಅಥವಾ ಬರೆಯದ ಖರ್ಚು ಇರಬೇಕು. ಅದಕ್ಕೇ ಗಲ್ಲಾದಿಂದ ತೆಗೆದ ಪ್ರತಿ ರೂಪಾಯಿಯನ್ನೂ ಮೆಷಿನ್‌ನಲ್ಲೇ ಖರ್ಚು ಅಂತ ಹಾಕುವ ಸೌಲಭ್ಯ ಇರಬೇಕು. ಚೀಟಿಯಲ್ಲಿ ಬರೆದಿಟ್ಟರೆ ಸಂಜೆಯೊಳಗೆ ಚೀಟಿ ಕಾಣೆಯಾಗಿರುತ್ತದೆ.

ಇನ್ನೊಂದು ಮಾತು. ಕೌಂಟರ್ ಮೇಲಿರುವ ಕ್ಯೂಆರ್ ಸ್ಟಿಕ್ಕರ್ ನಿನ್ನದೇ ಹೌದಾ ಅಂತ ದಿನಾ ಬೆಳಿಗ್ಗೆ ಒಂದು ರೂಪಾಯಿ ಕಳಿಸಿ ನೋಡು. ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿಬಿಟ್ಟರೆ ಗಿರಾಕಿಯ ಫೋನ್‌ನಲ್ಲಿ ಹಣ ಹೋಯಿತು ಅಂತಲೇ ಬರುತ್ತದೆ, ನಿನಗೆ ಬಂದಿರುವುದಿಲ್ಲ.

ಎರಡನೆಯದು ಕ್ಯಾನ್ಸಲ್ ಆದ ಬಿಲ್‌ಗಳ ರಿಪೋರ್ಟ್. ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ದೊಡ್ಡದು. ಯಾಕೆ ಅಂದರೆ, ಗಲ್ಲಾ ತಾಳೆಯಾದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತ ಅಲ್ಲ. ಮಾರಾಟದ ಲೆಕ್ಕಕ್ಕೇ ಬರದ ದುಡ್ಡು ಹೋದರೆ ಗಲ್ಲಾಕ್ಕೆ ಗೊತ್ತೇ ಆಗುವುದಿಲ್ಲ. ಬಿಲ್ ಪ್ರಿಂಟ್ ಆಯಿತು, ಗಿರಾಕಿ 145 ರೂಪಾಯಿ ಕ್ಯಾಶ್ ಕೊಟ್ಟರು, ಬಿಲ್ ಅಲ್ಲೇ ಬಿಟ್ಟು ಹೋದರು. ಸ್ವಲ್ಪ ಹೊತ್ತಿನ ಮೇಲೆ ಕೌಂಟರ್‌ನಲ್ಲಿದ್ದವನು ಆ ಬಿಲ್ ಕ್ಯಾನ್ಸಲ್ ಮಾಡಿ 145 ಜೇಬಿಗೆ ಹಾಕಿಕೊಂಡ. ಮಾರಾಟವೂ ಇಲ್ಲ, ದುಡ್ಡೂ ಇಲ್ಲ, ಲೆಕ್ಕ ಸರಿಯಾಗಿ ಕೂತಿತು.

ಒಂದು ಹೋಟೆಲಿನ ಲೆಕ್ಕ ನೋಡುವಾಗ ನನಗೆ ಅನುಮಾನ ಬಂದದ್ದೇ ಗಲ್ಲಾ ಪ್ರತಿದಿನ ರೂಪಾಯಿಗೆ ರೂಪಾಯಿ ಸರಿ ಬರುತ್ತಿತ್ತು ಅಂತ. ಚಿಲ್ಲರೆ ವ್ಯವಹಾರದಲ್ಲಿ ಐದು ಹತ್ತು ರೂಪಾಯಿ ಆಚೀಚೆ ಆಗುವುದು ಸಹಜ ಅಲ್ವಾ? ಕ್ಯಾನ್ಸಲ್ ಪಟ್ಟಿ ತೆಗೆಸಿದೆ. ಕ್ಯಾನ್ಸಲ್ ಆದದ್ದೆಲ್ಲ ಕ್ಯಾಶ್ ಬಿಲ್, ಯುಪಿಐ ಬಿಲ್ ಒಂದೂ ಇಲ್ಲ. ಎಲ್ಲವೂ ಮಧ್ಯಾಹ್ನ ಊಟದ ರಶ್ಶಿನಲ್ಲಿ ಆದದ್ದು. ಪ್ರಿಂಟ್ ಆಗಿ ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಕ್ಯಾನ್ಸಲ್ ಆಗಿವೆ. ನಿಜವಾದ ತಪ್ಪಿಗೆ ಮಾಡಿದ ಕ್ಯಾನ್ಸಲ್ ಹೀಗಿರುವುದಿಲ್ಲ. ಅದು ಒಂದೆರಡು ನಿಮಿಷದೊಳಗೆ ಆಗಿರುತ್ತದೆ, ಬೆನ್ನಿಗೇ ಅದೇ ಟೇಬಲ್‌ಗೆ ಸರಿಪಡಿಸಿದ ಹೊಸ ಬಿಲ್ ಇರುತ್ತದೆ. ನೀನು ನೋಡಬೇಕಾದ್ದು ಇದನ್ನೇ: ಎಷ್ಟು ಹೊತ್ತಿನ ಮೇಲೆ ಕ್ಯಾನ್ಸಲ್ ಆಯಿತು, ಬದಲಿ ಬಿಲ್ ಇದೆಯಾ.

ಇದರ ಜೊತೆಗೇ ಬಿಲ್ ಆಗದ ಕೆಓಟಿ ಪಟ್ಟಿಯನ್ನೂ ನೋಡು. ಕೆಓಟಿ ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ. ಎರಡು ಮಸಾಲೆ ದೋಸೆಗೆ ಚೀಟಿ ಹೋಗಿದೆ, ಬಿಲ್ಲೇ ಇಲ್ಲ ಅಂದರೆ ಆ ದೋಸೆ ಯಾರು ತಿಂದರು? ಅಡುಗೆಯವರಿಗೆ ಕಟ್ಟುನಿಟ್ಟಾಗಿ ಹೇಳಿಬಿಡು, ಚೀಟಿ ಬರದೆ ಒಂದು ಪ್ಲೇಟೂ ಆಚೆ ಹೋಗಬಾರದು. ಸ್ಟಾಫ್ ತಿಂಡಿ, ನೆಂಟರ ಕಾಫಿಗೂ ಸೊನ್ನೆ ರೂಪಾಯಿ ಬಿಲ್ ಹಾಕಿಸು. ನಾನು ಬಂದಾಗಲೂ ಹಾಗೇ ಮಾಡು, ನನಗೆ ಬೇಜಾರಿಲ್ಲ.

ಒಂದೇ ಬಿಲ್ಲನ್ನು ಎರಡು ಸಲ ಪ್ರಿಂಟ್ ತೆಗೆಯುವುದೂ ಇದೆ. ಇಡ್ಲಿ ವಡೆ ಕಾಫಿ ಎಲ್ಲರೂ ತಗೊಳ್ಳುವ ತಿಂಡಿ. ಮೊದಲ ಗಿರಾಕಿಯ ಬಿಲ್ಲನ್ನೇ ಇನ್ನೊಮ್ಮೆ ಪ್ರಿಂಟ್ ಮಾಡಿ ಎರಡನೆಯವರಿಗೆ ಕೊಟ್ಟರೆ ಅವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಎರಡನೇ ಪ್ರಿಂಟ್ ಮೇಲೆ ಡೂಪ್ಲಿಕೇಟ್ ಅಂತ ತಾನಾಗಿಯೇ ಬರಬೇಕು.

ಮೂರನೆಯದು ಐಟಂವಾರು ಮಾರಾಟ. ಇದನ್ನು ಸುಮ್ನೆ ಯಾವುದು ಜಾಸ್ತಿ ಹೋಯಿತು ಅಂತ ನೋಡಿ ಮುಚ್ಚಿಡಬೇಡ. ಹಾಲಿನ ಜೊತೆ ತಾಳೆ ಹಾಕು. ಕಾಫಿ ಟೀ ಎರಡೂ ಸೇರಿ 168 ಕಪ್ ಹೋಗಿದೆ ಅನ್ನು. ತಂದ ಹಾಲು 20 ಲೀಟರ್, ಮೊಸರಿಗೆ ಹೆಪ್ಪು ಹಾಕಿದ್ದು 2, ಉಳಿದದ್ದು 1. ಹಾಗಾದರೆ ಕಪ್‌ಗಳಿಗೆ ಹೋದದ್ದು 17 ಲೀಟರ್, ಕಪ್ಪಿಗೆ ಸುಮಾರು 100 ಎಂಎಲ್. ನಿನ್ನ ಲೋಟದ ಅಳತೆಗೆ ಎಷ್ಟು ಹಾಲು ಬೇಕು ಅಂತ ಮೊದಲ ವಾರವೇ ಅಳೆದು ಬರೆದಿಟ್ಟುಕೋ. ಒಂದು ದಿನ ಅದು 120 ಆದರೆ ಹಾಲು ಚೆಲ್ಲಿದೆ, ಇಲ್ಲ ಕೈ ಧಾರಾಳವಾಗಿದೆ, ಇಲ್ಲ ಬಿಲ್ ಇಲ್ಲದೆ ಕಾಫಿ ಹೋಗಿದೆ. ಒಂದು ದಿನಕ್ಕೆ ತಲೆ ಕೆಡಿಸಿಕೊಳ್ಳಬೇಡ, ವಾರ ಪೂರ್ತಿ ಹಾಗೇ ಬಂದರೆ ಕೌಂಟರ್ ಹತ್ತಿರ ನಿಂತು ನೋಡು. ಸಾಫ್ಟ್‌ವೇರ್‌ನವರು ಪ್ರತಿ ತಿಂಡಿಗೂ ಉಪ್ಪು ಸಾಸಿವೆ ತನಕ ರೆಸಿಪಿ ತುಂಬಿಸಿ ಸ್ಟಾಕ್ ಇಡಿ ಅನ್ನುತ್ತಾರೆ. ಈಗ ಅದು ಬೇಡ. ದಿನಾ ತುಂಬುವವರು ಯಾರು? ಹಾಲು, ಕಾಫಿಪುಡಿ, ದೋಸೆ ಹಿಟ್ಟು ಇಷ್ಟನ್ನು ಹಿಡಿದುಕೊಂಡರೆ ಸಾಕು.

ಯಾವ ಗಂಟೆಯಲ್ಲಿ ಎಷ್ಟು ವ್ಯಾಪಾರ ಅನ್ನುವ ರಿಪೋರ್ಟ್ ವಾರಕ್ಕೊಮ್ಮೆ ನೋಡಿದರೆ ಆಯಿತು. ದಸರಾ ಹತ್ತಿರ ಬಂದಾಗ ಎಷ್ಟು ಜನ ಕೆಲಸಕ್ಕೆ ಬೇಕು ಅನ್ನೋದಕ್ಕೆ ಅದು ಉಪಯೋಗ.

ಈಗ ಆರಿಸುವ ವಿಷಯ. ಕಂಪನಿಯವರು ಡೆಮೊ ಕೊಡಲು ಬಂದಾಗ ಅವರು ತೋರಿಸಿದ್ದನ್ನು ನೋಡಿ ಕೂರಬೇಡ, ನೀನು ಹೇಳಿದ್ದನ್ನು ಮಾಡಿಸು. ಒಂದು ಬಿಲ್ ಹಾಕಿ ಪ್ರಿಂಟ್ ಮಾಡಿ ಕ್ಯಾನ್ಸಲ್ ಮಾಡಿ ಅನ್ನು. ಯಾರು ಮಾಡಿದರು, ಎಷ್ಟು ಗಂಟೆಗೆ, ಯಾವ ಕಾರಣಕ್ಕೆ ಅಂತ ಎಲ್ಲಿ ಕಾಣುತ್ತದೆ ಕೇಳು. ಬಿಲ್ ನಂಬರ್ ಉಳಿಯದೆ ಬಿಲ್ಲೇ ಅಳಿಸಿಹೋಗುವ ಹಾಗಿದ್ದರೆ ಆ ಮೆಷಿನ್ ಬಿಟ್ಟುಬಿಡು. ಟೋಕನ್ ನಂಬರ್ ದಿನಾ ಒಂದರಿಂದ ಶುರುವಾಗಲಿ, ಬಿಲ್ ನಂಬರ್ ಮಾತ್ರ ವರ್ಷ ಪೂರ್ತಿ ಒಂದರ ಹಿಂದೆ ಒಂದು ಬರಬೇಕು. ಜಿಎಸ್‌ಟಿಗೂ ಅದೇ ನಿಯಮ. ಆಮೇಲೆ ಕೌಂಟರ್ ಹುಡುಗನ ಲಾಗಿನ್‌ನಲ್ಲಿ ಕಾಫಿ ರೇಟು ಬದಲಾಯಿಸಿ ನೋಡು. ಬದಲಾಗಬಾರದು. ಕ್ಯಾನ್ಸಲ್‌ಗೂ ಡಿಸ್ಕೌಂಟ್‌ಗೂ ನಿನ್ನ ಪಿನ್ ಕೇಳಬೇಕು, ಆ ಪಿನ್ ಯಾರಿಗೂ ಹೇಳಬೇಡ.

ಇಂಟರ್‌ನೆಟ್ ತೆಗೆಸಿ ಐದು ಬಿಲ್ ಹಾಕಿಸು. ಮತ್ತೆ ನೆಟ್ ಕೊಟ್ಟಾಗ ಐದೂ ನಿನ್ನ ಫೋನ್‌ನಲ್ಲಿ ಕಾಣುವ ರಿಪೋರ್ಟಿಗೆ ಬಂದವಾ, ನಂಬರ್ ಸರಿಯಾಗಿದೆಯಾ ನೋಡು. ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರ್ ಆಫ್ ಆಗುತ್ತದೆ, ಆಗ ಬಿಲ್ ನಿಲ್ಲಬಾರದು. ಒಂದು ಬಿಲ್ಲಿಗೆ 100 ಕ್ಯಾಶ್, 80 ಯುಪಿಐ ಅಂತ ಒಡೆದು ಹಾಕಲು ಬರುತ್ತದಾ ಅಂತಲೂ ನೋಡಿಬಿಡು.

ವರ್ಷದ ಎಲ್ಲ ಬಿಲ್‌ಗಳನ್ನೂ ಎಕ್ಸೆಲ್‌ಗೆ ಇಳಿಸಿ ತೋರಿಸಿ ಅನ್ನು. ಥರ್ಮಲ್ ಪೇಪರ್ ಅಕ್ಷರ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ, ಜಿಎಸ್‌ಟಿ ಲೆಕ್ಕವನ್ನೋ ಆರು ವರ್ಷಕ್ಕೂ ಮೇಲೆ ಇಟ್ಟುಕೊಳ್ಳಬೇಕು. ನಾಳೆ ಕಂಪನಿ ಬದಲಾಯಿಸಿದರೂ ನಿನ್ನ ಲೆಕ್ಕ ನಿನ್ನ ಹತ್ತಿರ ಇರಬೇಕು. ಮೊದಲ ವರ್ಷದ ರೇಟು ಕಮ್ಮಿ ಹೇಳಿ ಎರಡನೇ ವರ್ಷಕ್ಕೆ ಏರಿಸುವುದುಂಟು, ಅದನ್ನೂ ಬರೆಸಿಕೋ.

ಟ್ಯಾಕ್ಸ್ ಬಗ್ಗೆ ಸ್ವಲ್ಪ ಗಮನ ಕೊಡು. ಹೋಟೆಲ್ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಆಗಬೇಕು. ಅಂದರೆ ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ, ನೀನು ದಾಟಿಯೇ ದಾಟುತ್ತೀಯ. ನಮ್ಮಂಥ ಸಣ್ಣ ಹೋಟೆಲಿಗೆ ದರ 5 ಪರ್ಸೆಂಟ್. 25 ರೂಪಾಯಿ ಕಾಫಿಗೆ ಟ್ಯಾಕ್ಸ್ ಬೇರೆ ಸೇರಿಸಿ 26.25 ಅಂತ ಕೇಳಿದರೆ ಚಿಲ್ಲರೆಗೆ ಒದ್ದಾಟ. ಟ್ಯಾಕ್ಸ್ ಸೇರಿಸಿ 25 ಅಂತ ಸೆಟ್ ಮಾಡಿಸು. ಆಗ ಕಾಫಿ 23.81, ಟ್ಯಾಕ್ಸ್ 1.19 ಅಂತ ಮೆಷಿನ್ನೇ ಬಿಡಿಸಿಕೊಳ್ಳುತ್ತದೆ. ಸಣ್ಣ ವ್ಯಾಪಾರಿಗಳು ಒಟ್ಟು ವ್ಯಾಪಾರದ ಮೇಲೆ ತಮ್ಮ ಕೈಯಿಂದಲೇ ಟ್ಯಾಕ್ಸ್ ಕಟ್ಟುವ ಕಾಂಪೊಸಿಷನ್ ಸ್ಕೀಮ್ ನೀನು ಆರಿಸಿಕೊಂಡರೆ ಗಿರಾಕಿಯಿಂದ ಟ್ಯಾಕ್ಸ್ ತಗೊಳ್ಳುವ ಹಾಗೇ ಇಲ್ಲ, ಬಿಲ್ ಮೇಲೆ ಟ್ಯಾಕ್ಸ್ ಸಾಲೇ ಬರಬಾರದು. ಸ್ವಿಗ್ಗಿ, ಜೊಮ್ಯಾಟೊ ಆರ್ಡರ್‌ಗಳ ಟ್ಯಾಕ್ಸನ್ನು 2022ರ ಜನವರಿಯಿಂದ ಆ ಕಂಪನಿಗಳೇ ಕಟ್ಟುತ್ತವೆ. ಅದಕ್ಕೆ ಅವುಗಳ ಮಾರಾಟ ರಿಪೋರ್ಟಿನಲ್ಲಿ ಬೇರೆಯೇ ಕಾಣಬೇಕು, ಇಲ್ಲದಿದ್ದರೆ ನೀನೂ ಇನ್ನೊಮ್ಮೆ ಕಟ್ಟಿಬಿಡುತ್ತೀಯ. ಬಿಲ್ ಮೇಲೆ ನಿನ್ನ 14 ಅಂಕಿಯ ಫುಡ್ ಲೈಸೆನ್ಸ್ ನಂಬರ್ ಇರಲಿ.

ಡೆಮೊ ಮುಗಿದ ಮೇಲೆ ಮೂರು ಮೆಷಿನ್‌ನ ಕ್ಯಾನ್ಸಲ್ ರಿಪೋರ್ಟ್ ಮತ್ತು ಕ್ಲೋಸಿಂಗ್ ರಿಪೋರ್ಟ್ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡು. ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ. ಭಾನುವಾರ ನಿಮ್ಮತ್ತೆ ಜೊತೆ ಮೈಸೂರಿಗೆ ಬರುತ್ತಿದ್ದೇನೆ, ಮಳಿಗೆಯಲ್ಲಿ ಕೌಂಟರ್ ಎಲ್ಲಿ ಇಡಬೇಕು ಅಂತ ಆಗ ಒಟ್ಟಿಗೆ ನೋಡೋಣ.

ಇಂತಿ,
ನಿನ್ನ ಮಾವ