ಸಹಿ ಹಾಕೋ ಮುಂಚೆ

ಪುಟ್ಟಿ,

ಭಾನುವಾರ ನಿನ್ನ ಮೇಲೆ ರೇಗಿದ್ದು ನನ್ನದೇ ತಪ್ಪು. "ಎರಡು ವರ್ಷ ನೋಡ್ತೀನಿ ಅಜ್ಜಿ, ಆಮೇಲೆ ಬೇರೆ ಕಂಪನಿ" ಅಂದೆಯಲ್ಲ, ಸೇರೋ ಮುಂಚೆಯೇ ಬಿಡೋ ಮಾತಾ ಅಂತ ಸಿಟ್ಟು ಬಂತು. ರಾತ್ರಿ ಮಲಗಿ ಯೋಚಿಸಿದೆ. ನಾನೂ ಎರಡು ಫ್ಯಾಕ್ಟರಿ ಕಂಡವಳೇ ಅಲ್ವಾ? ನನಗೆ ಹೆದರಿಕೆ ಇರೋದು ಬಿಡುವಾಗ ತುಂಬಿಸೋ ಫಾರಂದು.

1996ರಲ್ಲಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಕಾಲರ್ ಹೊಲಿಯಲು ಸೇರಿದೆ. 2001ರಲ್ಲಿ ನಿಮ್ಮಮ್ಮನ ಮದುವೆ ಬಂತು. ಕೆಲಸ ಬಿಟ್ಟು ಪಿಎಫ್ ತೆಗೆದೆ. ಅದಕ್ಕೊಂದು ಫಾರಂ, ಪೆನ್ಶನ್ ಭಾಗಕ್ಕೆ 10ಸಿ ಅಂತ ಇನ್ನೊಂದು. ಎರಡೂ ಇಂಗ್ಲಿಷ್. ಆಫೀಸಿನ ಹುಡುಗ ತುಂಬಿದ, ನಾನು ಸಹಿ ಹಾಕಿದೆ. ಮದುವೆ ಚೆನ್ನಾಗಿ ಆಯಿತು, ಅದರ ಬಗ್ಗೆ ಬೇಜಾರಿಲ್ಲ.

ಮುಂದಿನ ವರ್ಷ ಇನ್ನೊಂದು ಫ್ಯಾಕ್ಟರಿ ಸೇರಿ, 2010ರವರೆಗೆ ಎಂಟು ವರ್ಷ ದುಡಿದೆ. 58 ತುಂಬಿದ ಮೇಲೆ ಪೆನ್ಶನ್ ಕೇಳಲು ಹೋದರೆ, ಹತ್ತು ವರ್ಷ ಆಗಿಲ್ಲ ಅಂದರು. ಐದೂ ಎಂಟೂ ಹದಿಮೂರಲ್ವಾ ಸ್ವಾಮಿ ಅಂದೆ. ಮೊದಲ ಐದು ವರ್ಷದ ದುಡ್ಡನ್ನ ಆಗಲೇ ತಗೊಂಡಿದ್ದೀರಲ್ಲ ಅಂದರು. ಅದೇ 10ಸಿ ಫಾರಂನಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಬೇಕು ಅಂತ ಬರೆದಿದ್ದರೆ, ಆ ಐದು ವರ್ಷ ಮುಂದಿನ ಎಂಟಕ್ಕೆ ಸೇರುತ್ತಿತ್ತಂತೆ. ಪಿಎಫ್ ತಗೊಂಡು ಪೆನ್ಶನ್ ಮಾತ್ರ ಬಿಟ್ಟಿದ್ದರೂ ಮದುವೆ ನಡೀತಿತ್ತು. ಈಗಲೂ ಕಾಲರ್ ಕಂಡಾಗೆಲ್ಲ ಆ ಹುಡುಗನ ಪೆನ್ನು ನೆನಪಾಗುತ್ತೆ. ಅವನ ತಪ್ಪೂ ಅಲ್ಲ ಪಾಪ, ನಾನು ಕೇಳಲಿಲ್ಲ.

ನಿನ್ನ ಆರ್ಡರ್‌ನಲ್ಲಿ ಬೇಸಿಕ್ 15,000 ಅಂತಿದೆ. ಪಿಎಫ್‌ಗೆ ಅಂತ ನಿನ್ನ ಸಂಬಳದಿಂದ 1,800 ಹಿಡಿಯುತ್ತಾರೆ, ಕಂಪನಿಯವರೂ ಅಷ್ಟೇ ಹಾಕಬೇಕು. ಅವರದರಲ್ಲಿ 1,250 ಪೆನ್ಶನ್‌ಗೆ ಹೋಗುತ್ತೆ, ಉಳಿದ 550 ನಿನ್ನ ಪಿಎಫ್‌ಗೆ. ಪಾಸ್‌ಬುಕ್ಕಲ್ಲಿ ಪೆನ್ಶನ್ನಿನ ಕಾಲಂ ಬೇರೆ ಇರುತ್ತೆ, ಅದು ಖಾಲಿ ಇದ್ದರೆ ತಕ್ಷಣ ಕೇಳು. ನಾಚಿಕೊಳ್ಳಬೇಡ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತಲೂ ನೋಡು. ಆಮೇಲೆ ಸರಿ ಮಾಡಿಸೋಕೆ ಅಲೆಯಬೇಕಾಗುತ್ತೆ.

ಕಂಪನಿ ಬದಲಾಯಿಸು, ನಿನ್ನಿಷ್ಟ. ಪಿಎಫ್‌ನ ಯುಎಎನ್ ನಂಬರ್ ಮಾತ್ರ ಅದೇ ಕೊಡು, ಹಳೇ ಖಾತೆ ಹೊಸದಕ್ಕೆ ವರ್ಗ ಮಾಡಿಸು. ನಮ್ಮ ಕಾಲದಲ್ಲಿ ಫ್ಯಾಕ್ಟರಿಗೊಂದು ನಂಬರ್ ಇತ್ತು. ನಿನಗೆ ಇದೆಲ್ಲ ಫೋನಿನಲ್ಲೇ ಆಗುತ್ತೆ, ನನಗಿಂತ ನೀನೇ ಚೆನ್ನಾಗಿ ಮಾಡ್ತೀಯ. ಹಾಗಂತ ದುಡ್ಡು ಮುಟ್ಟಲೇಬೇಡ ಅಂತ ಹೇಳಲ್ಲ. 2016ರಲ್ಲಿ ಪಿಎಫ್ ತೆಗೆಯಲು ಅಡ್ಡ ಹಾಕಿದಾಗ ಬೆಂಗಳೂರಿನ ರಸ್ತೆಗಿಳಿದು, ಆ ನಿಯಮ ವಾಪಸ್ ತೆಗೆಸಿದ್ದು ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ. ಕಷ್ಟಕ್ಕೆ ದುಡ್ಡು ಬೇಕೇ ಬೇಕು.

ನೋಡು, ಬುದ್ಧಿ ಹೇಳಲ್ಲ ಅಂತ ಕೂತವಳು ಎಷ್ಟು ಬರೆದೆ. ನಮ್ಮ ಮನೇಲಿ ಆಫೀಸಿನ ಕುರ್ಚಿ ಮೇಲೆ ಕೂರೋ ಮೊದಲನೇ ಹುಡುಗಿ ನೀನು. ಭಾನುವಾರ ಹೇಳಬೇಕಿದ್ದದ್ದು ಇದು.

ಹುಣಸೆ ತೊಕ್ಕು ಬ್ಯಾಗಿನ ತಳದಲ್ಲಿದೆ, ಬಟ್ಟೆಗೆ ತಾಗಿಸಬೇಡ. ಮೊದಲ ಸಂಬಳದ ಚೀಟಿ ಫೋನಿಗೆ ಕಳಿಸು. ಅಕ್ಷರ ದೊಡ್ಡದು ಮಾಡಿಕೊಂಡು ನೋಡ್ತೀನಿ.

ನಿನ್ನ ಅಜ್ಜಿ